ಪದಚರ್ಚೆ: ‘ಬ್ಯಾಲೆನ್ಸ್’ಗೆ ಬಾಕಿ, ‘ವಿತ್‌ಡ್ರಾ’ಗೆ ಹಿಂಪಡೆ — ಸರಿಯೇ? (ಇವತ್ತು ಸಂಜೆಯೊಳಗೆ ಬೇಕು)

ಸವಿತಾ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ತರಬೇತಿ ಕೇಂದ್ರದ ಗೋಡೆಗೆ ಹಾಕುವ ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮನೆಯಿಂದಲೇ ಹೊರದೇಶದವರಿಗೆ ವಿನ್ಯಾಸ, ಲಿಪ್ಯಂತರದ ಕೆಲಸ ಮಾಡಿಕೊಡುವವರಿಗಾಗಿ ಇದು. ಮುದ್ರಣದವರು ಐದು ಗಂಟೆಗೆ ಕಡತ ಕೇಳಿದ್ದಾರೆ. ನಾಲ್ಕು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಫಲಕದಲ್ಲಿರುವ ಉದಾಹರಣೆ ಹೀಗಿದೆ: ಗಿರಾಕಿ 500 ಡಾಲರ್ ಕೊಟ್ಟ. ಪಾವತಿ ತಾಣ 20 ಡಾಲರ್ ಹಿಡಿದುಕೊಂಡಿತು, ಬ್ಯಾಲೆನ್ಸ್ 480. ಬ್ಯಾಂಕಿಗೆ ವಿತ್‌ಡ್ರಾ ಮಾಡಿದಾಗ ಮತ್ತೆ 2 ಡಾಲರ್ ಫೀ. ಉಳಿದ 478 ಡಾಲರಿಗೆ 83 ರೂಪಾಯಿಯ ದರ ಹಾಕಿ 39,674 ರೂಪಾಯಿ ಬ್ಯಾಂಕಿಗೆ ಕ್ರೆಡಿಟ್ ಆಯಿತು. ಅವತ್ತಿನ ಮಾರುಕಟ್ಟೆ ದರ 85 ಎಂದು ಇಟ್ಟುಕೊಂಡಿದ್ದಾರೆ.

ನನ್ನ ಕರಡು: ಬಾಕಿ, ಹಿಂಪಡೆಯುವ ಶುಲ್ಕ, ವಿನಿಮಯ ದರ, ಜಮೆ. ಕೊನೆಯ ಎರಡರ ಬಗ್ಗೆ ಅನುಮಾನವಿಲ್ಲ. ಮೊದಲ ಎರಡು ಯಾಕೋ ಕಿವಿಗೆ ಒಗ್ಗುತ್ತಿಲ್ಲ.

ನಾಗರಾಜ, ಮೈಸೂರು

ಬಾಕಿ ಬೇಡ. ನೀವಿರುವುದು ಮಂಡ್ಯದಲ್ಲಿ. ಅಲ್ಲಿ ಬಾಕಿ ಎಂದರೆ ಕಾರ್ಖಾನೆಯಿಂದ ಇನ್ನೂ ಬಾರದಿರುವ ಕಬ್ಬಿನ ದುಡ್ಡು. ‘ನಿಮ್ಮ ಬಾಕಿ 480 ಡಾಲರ್’ ಎಂದು ಓದಿದವರು ಗಿರಾಕಿ ಇನ್ನೂ ಕೊಟ್ಟಿಲ್ಲ ಎಂದುಕೊಳ್ಳುತ್ತಾರೆ, ಇಲ್ಲವೇ ತಾನೇ ತಾಣಕ್ಕೆ ಕೊಡಬೇಕು ಎಂದು ಹೆದರುತ್ತಾರೆ. ಎರಡೂ ತಪ್ಪು.

ಇನ್ನೊಂದು ತೊಡಕೂ ಇದೆ. ಈ ತಾಣಗಳಲ್ಲಿ ಬಂದ ಹಣವನ್ನು ಒಮ್ಮೊಮ್ಮೆ ಕೆಲವು ದಿನ ತಡೆದಿಡುತ್ತಾರೆ. ಪರದೆಯ ಮೇಲೆ ಅದು ಬೇರೆ ಸಾಲಿನಲ್ಲಿ ಕಾಣುತ್ತದೆ, ಅದನ್ನು ಬ್ಯಾಂಕಿಗೆ ಕಳಿಸಲಾಗುವುದಿಲ್ಲ. ಬಾಕಿ ಎಂಬ ಪದ ನಿಜವಾಗಿ ಸಲ್ಲಬೇಕಾದದ್ದು ಆ ಸಾಲಿಗೆ. ಬ್ಯಾಲೆನ್ಸಿಗೂ ಅದನ್ನೇ ಬಳಸಿಬಿಟ್ಟರೆ ಎರಡನ್ನೂ ಬೇರೆ ಮಾಡಿ ಹೇಳಲು ನಿಮ್ಮ ಬಳಿ ಪದವೇ ಉಳಿಯುವುದಿಲ್ಲ.

ಬ್ಯಾಲೆನ್ಸ್ ಎಂದರೆ ಶಿಲ್ಕು. ಸೊಸೈಟಿ, ಪಂಚಾಯಿತಿ ಲೆಕ್ಕದಲ್ಲಿ ಆರಂಭ ಶಿಲ್ಕು, ಅಖೈರು ಶಿಲ್ಕು ಎಂದು ಇವತ್ತಿಗೂ ಬರೆಯುತ್ತಾರೆ. ಕೈಸೇರಿದ ಮೇಲೆ ಉಳಿದ ಹಣಕ್ಕೆ ಇದಕ್ಕಿಂತ ಖಚಿತವಾದ ಮಾತಿಲ್ಲ.

ಚಂದ್ರಶೇಖರ, ಶ್ರೀರಂಗಪಟ್ಟಣ

ಶಿಲ್ಕು ಮರಾಠಿಯ ಶಿಲ್ಲಕ್. ಬಾಕಿ, ಜಮಾ ಎರಡೂ ಅರಬ್ಬಿ. ಶುಲ್ಕ ಸಂಸ್ಕೃತ. ನಾಲ್ಕು ಪದ ಕೇಳಿದರೆ ನಾಲ್ಕೂ ಎರವಲು! ‘ಉಳಿ’ ಎಂಬ ಕನ್ನಡದ ಬೇರು ಇರುವಾಗ ಉಳಿಕೆ ಅಥವಾ ಉಳಿಮೊತ್ತ ಎನ್ನಲು ಏನು ಕಷ್ಟ? ವಿತ್‌ಡ್ರಾಗೆ ತೆಗೆತ. ಕ್ರೆಡಿಟ್‌ಗೆ ಸೇರಿಕೆ. ಫಲಕ ಗೋಡೆಯ ಮೇಲೆ ಹತ್ತು ವರ್ಷ ಇರುತ್ತದೆ, ಮಕ್ಕಳು ಕಲಿಯುವುದು ಅದನ್ನೇ.

ರೂಪಾ, ಮೈಸೂರು

ಚಂದ್ರಶೇಖರ ಅವರೇ, ಉಳಿಕೆ ಚೆನ್ನಾಗಿಯೇ ಇದೆ, ನನ್ನ ತಕರಾರಿಲ್ಲ. ಆದರೆ ‘ಸೇರಿಕೆ’ ಆಗದು. ಹಣ ಬಂದಾಗ ಬ್ಯಾಂಕಿನಿಂದ ಬರುವ ಕನ್ನಡ ಸಂದೇಶದಲ್ಲಿ ಜಮಾ ಎಂದಿರುತ್ತದೆ. ಫಲಕದಲ್ಲಿ ಒಂದು, ಫೋನಿನಲ್ಲಿ ಇನ್ನೊಂದು ಇದ್ದರೆ ಕಲಿಯುವವರು ಯಾವುದನ್ನು ಹುಡುಕಬೇಕು?

ಸವಿತಾ, ನಿಮ್ಮ ‘ಹಿಂಪಡೆ’ಯೇ ಎಲ್ಲಕ್ಕಿಂತ ಅಪಾಯದ್ದು. ದೂರು ಹಿಂಪಡೆಯುತ್ತೇವೆ, ಆದೇಶ ಹಿಂಪಡೆಯುತ್ತೇವೆ, ಅಂದರೆ ಮೊದಲಿದ್ದ ಕಡೆಗೇ ಮರಳಿಸುತ್ತೇವೆ. ಇಲ್ಲಿ ಹಣ ಮೊದಲಿದ್ದ ಕಡೆಗೆ ಹೋಗುವುದಿಲ್ಲ, ಮುಂದಕ್ಕೆ ಬ್ಯಾಂಕಿಗೆ ಹೋಗುತ್ತದೆ. ಇದೇ ತಾಣದಲ್ಲಿ ಪ್ರತಿ ಪಾವತಿಯ ವಿವರದೊಳಗೆ ರೀಫಂಡ್ ಗುಂಡಿಯೂ ಇರುತ್ತದೆ. ಅದನ್ನು ಒತ್ತಿದರೆ ಹಣ ಗಿರಾಕಿಗೇ ಮರಳುತ್ತದೆ, ಮೊದಲು ಹಿಡಿದ ಶುಲ್ಕ ಎಷ್ಟೋ ಸಲ ನಿಮಗೆ ಮರಳುವುದಿಲ್ಲ. ಹಿಂಪಡೆ, ಹಿಂದಿರುಗಿಸು, ಮರಳಿಸು ಎಂದು ಒಂದೇ ಚಹರೆಯ ಪದಗಳನ್ನು ಅಕ್ಕಪಕ್ಕ ಇಟ್ಟರೆ ಹೊಸಬರು ತಪ್ಪು ಗುಂಡಿ ಒತ್ತುವುದು ಖಂಡಿತ. ‘ಬ್ಯಾಂಕಿಗೆ ಕಳಿಸು’ ಎಂದುಬಿಡಿ. ಶುಲ್ಕಕ್ಕೆ ‘ಕಳಿಸುವ ಶುಲ್ಕ’.

ಒಂದು ಮಾತು ಸೇರಿಸಬೇಕು. ಭಾರತದ ಖಾತೆಗಳಲ್ಲಿ ಎಲ್ಲ ತಾಣಗಳೂ ಈ ಗುಂಡಿ ಕೊಡುವುದಿಲ್ಲ. ಪೇಪಾಲ್‌ನಂಥ ಕಡೆ ಶಿಲ್ಕು ದಿನಕ್ಕೊಮ್ಮೆ ತಾನಾಗಿಯೇ ಬ್ಯಾಂಕಿಗೆ ಹೊರಡುತ್ತದೆ. ಡಾಲರ್ ಏರಲಿ ಎಂದು ಇಟ್ಟುಕೊಂಡು ಕಾಯುವ ಅವಕಾಶ ಅಲ್ಲಿಲ್ಲ. ಫಲಕದಲ್ಲಿ ‘ಬೇಕೆಂದಾಗ ಕಳಿಸಿ’ ಎಂದು ಬರೆದಿದ್ದರೆ ಅದನ್ನು ತಿದ್ದಿ.

ಇಮ್ರಾನ್, ಮೈಸೂರು

ಇದೇ ವಿಷಯ ಆದ್ದರಿಂದ ಕೇಳುತ್ತಿದ್ದೇನೆ. ನಾಲ್ಕು ದಿನದ ಹಿಂದೆ ವಿತ್‌ಡ್ರಾ ಹಾಕಿದ್ದು, ತಾಣದಲ್ಲಿ ‘ಪೂರ್ಣ’ ಎಂದು ತೋರಿಸುತ್ತಿದೆ, ಬ್ಯಾಂಕಿಗೆ ಬಂದಿಲ್ಲ. ಖಾತೆ ಹಳೆಯ ಸಿಂಡಿಕೇಟ್ ಬ್ಯಾಂಕಿನದು, ಪಾಸ್‌ಬುಕ್ ನೋಡಿಯೇ ವಿವರ ತುಂಬಿದ್ದೆ. ಎಟಿಎಂನಲ್ಲಿ ತೆಗೆಯುವುದಕ್ಕೂ ಈ 2 ಡಾಲರ್ ಬೀಳುತ್ತದೆಯೇ?

ನಾಗರಾಜ, ಮೈಸೂರು

ಇಮ್ರಾನ್, ಎಟಿಎಂಗೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ತೊಂದರೆ ಪಾಸ್‌ಬುಕ್ಕಿನಲ್ಲೇ ಇರಬಹುದು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾದಲ್ಲಿ ವಿಲೀನವಾಯಿತು. `SYNB` ಎಂದು ಶುರುವಾಗುವ ಹಳೆಯ ಐಎಫ್‌ಎಸ್‌ಸಿ ಸಂಖ್ಯೆಗಳು 2021ರ ಜುಲೈ 1ರಿಂದ ನಡೆಯುವುದಿಲ್ಲ. ಈಗ `CNRB` ಎಂದು ಶುರುವಾಗಬೇಕು. ಮೊದಲ ನಾಲ್ಕು ಅಕ್ಷರ ನೀವೇ ಬದಲಿಸಿ ಊಹೆಯ ಮೇಲೆ ಹಾಕಬೇಡಿ, ಮುಂದಿನ ಅಂಕಿಗಳೂ ಬದಲಾಗಿವೆ. ಶಾಖೆಯಲ್ಲಿ ಕೇಳಿ ಬರೆದುಕೊಳ್ಳಿ.

ತಾಣದ ‘ಪೂರ್ಣ’ಕ್ಕೆ ಜಮೆಯ ಅರ್ಥವಿಲ್ಲ. ನಾವು ಇಲ್ಲಿನ ಬ್ಯಾಂಕಿಗೆ ಒಪ್ಪಿಸಿದೆವು ಎಂದಷ್ಟೇ ಅದು ಹೇಳುತ್ತದೆ. ಆ ಬ್ಯಾಂಕ್ ರೂಪಾಯಿಯನ್ನು ಸಾಮಾನ್ಯವಾಗಿ ನೆಫ್ಟ್ ಮೂಲಕ ನಿಮ್ಮ ಖಾತೆಗೆ ದಾಟಿಸುತ್ತದೆ. ಪ್ರತಿ ರವಾನೆಗೂ ಬೇರೆಯಾಗಿ ಬೀಳುವ ಗುರುತು ಸಂಖ್ಯೆ, ಯುಟಿಆರ್, ಅದನ್ನು ತಾಣದವರಿಂದ ಕೇಳಿ ಪಡೆಯಿರಿ. ನೆಫ್ಟ್ ಆದರೆ 16 ಅಕ್ಷರ-ಅಂಕಿ ಇರುತ್ತದೆ. ಅದನ್ನು ಕೊಟ್ಟರೆ ನಿಮ್ಮ ಶಾಖೆಯವರು ಹಣ ಬಂತೋ, ತಿರಸ್ಕಾರವಾಗಿ ಹೋಯಿತೋ ನೋಡಿ ಹೇಳುತ್ತಾರೆ. ತಿರಸ್ಕಾರವಾದದ್ದು ತಡವಾದರೂ ತಾಣದ ಶಿಲ್ಕಿಗೇ ಮರಳುತ್ತದೆ. ಖಾತೆಯಲ್ಲಿರುವ ಹೆಸರಿಗೂ ತಾಣದಲ್ಲಿರುವ ಹೆಸರಿಗೂ ವ್ಯತ್ಯಾಸವಿದ್ದರೂ ಹೀಗಾಗಬಹುದು. ಇನಿಷಿಯಲ್ ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಒಂದೇ ಅಕ್ಷರ ಬರೆಯುವುದು ನಮ್ಮಲ್ಲಿ ಸಾಮಾನ್ಯ, ಅದನ್ನೂ ನೋಡಿಕೊಳ್ಳಿ.

ಸವಿತಾ, ಮಂಡ್ಯ

ಶಿಲ್ಕು, ಬ್ಯಾಂಕಿಗೆ ಕಳಿಸು, ಜಮೆ — ಬರೆದುಕೊಂಡೆ. ಆದರೆ ಈಗ ಐದನೆಯ ಪದ ಬೇಕಾಗಿದೆ. 85ಕ್ಕೂ 83ಕ್ಕೂ ನಡುವಿನ ಎರಡು ರೂಪಾಯಿಗೆ ಏನೆನ್ನಲಿ? ಮೂಲದಲ್ಲಿ ಅದಕ್ಕೆ ಹೆಸರೇ ಇಲ್ಲ, ‘ಸ್ಪರ್ಧಾತ್ಮಕ ದರ’ ಎಂದು ಬರೆದು ಮುಂದೆ ಹೋಗಿದ್ದಾರೆ.

ರೂಪಾ, ಮೈಸೂರು

ಅದಕ್ಕೆ ಹೆಸರಿಲ್ಲದಿರುವುದರಿಂದಲೇ ಜನ ಮೋಸ ಹೋಗುವುದು. ನಿಮ್ಮ ಉದಾಹರಣೆಯನ್ನೇ ಲೆಕ್ಕ ಹಾಕಿ. 478 ಡಾಲರಿಗೆ ತಲಾ ಎರಡು ರೂಪಾಯಿ ಎಂದರೆ 956 ರೂಪಾಯಿ. ಎಲ್ಲರೂ ಗೊಣಗುವ ಆ 2 ಡಾಲರ್ ಕಳಿಸುವ ಶುಲ್ಕ ಬರೀ 170 ರೂಪಾಯಿ. ಐದು ಪಟ್ಟಿಗಿಂತ ದೊಡ್ಡ ಕಡಿತ ಯಾವ ಶುಲ್ಕದ ಸಾಲಿನಲ್ಲೂ ಕಾಣುವುದಿಲ್ಲ, ದರದೊಳಗೆ ಅಡಗಿ ಕೂತಿದೆ. ‘ಕಳಿಸುವ ಶುಲ್ಕ ಸೊನ್ನೆ’ ಎನ್ನುವ ತಾಣ ದರವನ್ನು ಇನ್ನೂ ಐವತ್ತು ಪೈಸೆ ಇಳಿಸಿದರೆ ನಿಮ್ಮ ಕೈಗೆ ಮೊದಲಿಗಿಂತ ಕಡಿಮೆಯೇ ಬರುತ್ತದೆ.

ಕಂಡುಹಿಡಿಯುವ ದಾರಿಯನ್ನೂ ಫಲಕಕ್ಕೆ ಹಾಕಿ. ಬ್ಯಾಂಕಿಗೆ ಜಮೆಯಾದ 39,674ನ್ನು ಗಿರಾಕಿ ಕೊಟ್ಟ 500ರಿಂದ ಭಾಗಿಸಿದರೆ 79.35 ಬರುತ್ತದೆ. ಡಾಲರೊಂದಕ್ಕೆ ನಿಜವಾಗಿ ಸಿಕ್ಕಿದ್ದು ಅಷ್ಟೇ. ಎರಡು ತಾಣಗಳನ್ನು ಹೋಲಿಸಲು ಈ ಒಂದು ಸಂಖ್ಯೆ ಸಾಕು. ಹೋಲಿಕೆಯ ದರವನ್ನು ಕಂಡಕಂಡಲ್ಲಿ ತೆಗೆದುಕೊಳ್ಳಬೇಡಿ, ಎಫ್‌ಬಿಐಎಲ್ ಎಂಬ ಸಂಸ್ಥೆ ಪ್ರತಿ ಕೆಲಸದ ದಿನ ಪ್ರಕಟಿಸುವ ಉಲ್ಲೇಖ ದರ ನೋಡಿ. ಅದೂ ತಾಣ ಹಣ ಬದಲಿಸಿದ ದಿನದ್ದು, ಗಿರಾಕಿ ಕೊಟ್ಟ ದಿನದ್ದಲ್ಲ.

ಪದ? ‘ದರದ ಅಂತರ’ ಎನ್ನಬಹುದು. ಆದರೆ ಅದು ಯಾರೋ ನಮ್ಮಿಂದ ಹಿಡಿದುಕೊಂಡ ಹಣ ಎಂಬುದನ್ನು ಹೇಳುವುದಿಲ್ಲ.

ಚಂದ್ರಶೇಖರ, ಶ್ರೀರಂಗಪಟ್ಟಣ

ಪದ ಇದೆ. ವಟ್ಟ. ನಾಣ್ಯ ಬದಲಿಸಿಕೊಡುವ ಚಿನಿವಾರ ಹಿಡಿದುಕೊಳ್ಳುತ್ತಿದ್ದುದು ವಟ್ಟವನ್ನೇ. ಒಂದು ನಾಣ್ಯ ಕೊಟ್ಟು ಇನ್ನೊಂದನ್ನು ಪಡೆಯುವಾಗ ಆಗುವ ಕಡಿತ, ಇಲ್ಲಿ ನಡೆಯುತ್ತಿರುವುದೂ ಅಕ್ಷರಶಃ ಅದೇ. ಅಚ್ಚಗನ್ನಡ ಪದ. ತಮಿಳಿನಲ್ಲಿ ವಟ್ಟಂ, ತೆಲುಗಿನಲ್ಲಿ ವಟ್ಟಮು.

ನಾಗರಾಜ, ಮೈಸೂರು

ಪದ ಸರಿಯಾಗಿದೆ, ಒಪ್ಪಿದೆ. ಅಚ್ಚಗನ್ನಡ ಎಂಬುದನ್ನು ಒಪ್ಪುವುದಿಲ್ಲ. ಹಿಂದಿ, ಮರಾಠಿಯಲ್ಲೂ ಇದೇ ಅರ್ಥದಲ್ಲಿ ಬಟ್ಟಾ ಇದೆ. ಯಾರಿಂದ ಯಾರಿಗೆ ಹೋಯಿತು ಎಂಬುದಕ್ಕೆ ಮೂರು ದ್ರಾವಿಡ ನುಡಿಗಳಲ್ಲಿರುವುದೊಂದೇ ಪುರಾವೆಯಾಗದು. ವ್ಯಾಪಾರದ ಪದಗಳು ವ್ಯಾಪಾರಿಗಳ ಜೊತೆಗೇ ಓಡಾಡುತ್ತವೆ. ಡಾಲರ್ ಎಂಬುದೇ ಬೊಹಿಮಿಯದ ಬೆಳ್ಳಿ ಗಣಿಯೂರಿನ ಥಾಲರ್, ರೂಪಾಯಿ ಸಂಸ್ಕೃತದ ರೂಪ್ಯ. ನೀವು ಬೇಡವೆಂದ ಶುಲ್ಕವೇ ಪ್ರಾಕೃತದ ಮೂಲಕ ಬಂದು ನಮ್ಮ ಸುಂಕವಾಗಿದೆ. ಸುಂಕವನ್ನೂ ಬಿಟ್ಟುಬಿಡುತ್ತೀರಾ?

ಚಂದ್ರಶೇಖರ, ಶ್ರೀರಂಗಪಟ್ಟಣ

ಸಾವಿರ ವರ್ಷ ನುಡಿದು ಸವೆದು ನಮ್ಮದಾದ ಸುಂಕ ಬೇರೆ, ನಿನ್ನೆ ಕಚೇರಿಯವರು ತಂದು ಸುರಿದ ಶುಲ್ಕ ಬೇರೆ. ಈ ವ್ಯತ್ಯಾಸ ತಿಳಿಯದವರ ಜೊತೆ ವಾದ ಬೆಳೆಸುವುದಿಲ್ಲ.

ರೂಪಾ, ಮೈಸೂರು

ಇಬ್ಬರೂ ಬಿಡಿ, ಐದು ಗಂಟೆಯಾಗುತ್ತಿದೆ. ವಟ್ಟದ ಮೇಲೆ ನನ್ನದು ಒಂದೇ ಆಕ್ಷೇಪ. ವಟ್ಟ, ವಟಾವು, ಸೋಡಿ ಎಂದರೆ ವಾಣಿಜ್ಯ ಓದಿದವರು ರಿಯಾಯಿತಿ ಎಂದುಕೊಳ್ಳುತ್ತಾರೆ, ಅಂದರೆ ತಮಗೆ ಲಾಭ ಎಂದು. ಇಲ್ಲಿ ಉಲ್ಟಾ. ಬರೆಯುವುದಾದರೆ ‘ದರದಲ್ಲಿ ಹಿಡಿದ ವಟ್ಟ’ ಎಂದು ಪೂರ್ತಿ ಬರೆಯಿರಿ, ಪಕ್ಕದಲ್ಲಿ 956 ರೂಪಾಯಿ ಹಾಕಿ. ಪದ ಗೊತ್ತಿಲ್ಲದವರಿಗೆ ಮೊತ್ತವೇ ಅರ್ಥ ಹೇಳುತ್ತದೆ.

ಸವಿತಾ, ಮಂಡ್ಯ

ಕಳಿಸಿದೆ. ಫಲಕದ ಸಾಲುಗಳು ಹೀಗಿವೆ:

ಗಿರಾಕಿ ಕೊಟ್ಟದ್ದು 500 ಡಾಲರ್. ತಾಣದ ಶುಲ್ಕ 20 ಡಾಲರ್. ಶಿಲ್ಕು 480 ಡಾಲರ್. ಬ್ಯಾಂಕಿಗೆ ಕಳಿಸುವ ಶುಲ್ಕ 2 ಡಾಲರ್. ತಾಣ ಕೊಟ್ಟ ವಿನಿಮಯ ದರ 83, ಅವತ್ತಿನ ಉಲ್ಲೇಖ ದರ 85. ದರದಲ್ಲಿ ಹಿಡಿದ ವಟ್ಟ 956 ರೂಪಾಯಿ. ಬ್ಯಾಂಕಿಗೆ ಜಮೆ 39,674 ರೂಪಾಯಿ. ಡಾಲರಿಗೆ ಕೈಸೇರಿದ್ದು 79.35 ರೂಪಾಯಿ.

ಚಂದ್ರಶೇಖರ ಸರ್, ‘ಕೈಸೇರಿದ್ದು’ ನಿಮ್ಮ ಸೇರಿಕೆಯಿಂದಲೇ ಹೊಳೆದದ್ದು. ತಾಣ ತಡೆದಿಟ್ಟ ಹಣದ ಸಾಲಿಗೆ ‘ಬಾಕಿ’ ಎಂದೇ ಹಾಕಿದ್ದೇನೆ. ‘ತಡೆಹಣ’ ಎನ್ನಬೇಕಿತ್ತೇನೋ ಎಂದು ಕಳಿಸಿದ ಮೇಲೆ ಅನ್ನಿಸುತ್ತಿದೆ. ಅಚ್ಚು ನಾಳೆ ಬೆಳಿಗ್ಗೆ ಶುರು, ಅಷ್ಟರೊಳಗೆ ಯಾರಿಗಾದರೂ ಏನಾದರೂ ಹೊಳೆದರೆ ಬರೆಯಿರಿ.

ಇಮ್ರಾನ್, ಮೈಸೂರು

ನಾಗರಾಜ ಸರ್, ನೋಡಿದೆ, ನಾನು ಹಾಕಿದ್ದು `SYNB`ಯೇ. ಯುಟಿಆರ್ ಕೇಳಿ ತಾಣಕ್ಕೆ ಬರೆದಿದ್ದೇನೆ. ಶಿಲ್ಕಿಗೆ ಮರಳಿದ ಮೇಲೆ ಮತ್ತೆ ಕಳಿಸುವಾಗ 83ರ ದರವೇ ಸಿಗುತ್ತದೆಯೇ, ಅವತ್ತಿನ ಹೊಸ ದರವೇ?

ರೂಪಾ, ಮೈಸೂರು

ಮತ್ತೆ ಕಳಿಸುವ ದಿನದ ದರ. ಕಳಿಸುವ ಮುನ್ನ ದರ ತೋರಿಸುವ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ, ಆಮೇಲೆ ಜಮೆಯ ಮೊತ್ತದ ಜೊತೆ ತಾಳೆ ನೋಡಲು ಅದೇ ಬೇಕಾಗುತ್ತದೆ.