ಸ್ವೆಟರ್ ‘ಕುಗ್ಗಿತು’ ಅನ್ನೋದಾ, ‘ಜಡೆಗಟ್ಟಿತು’ ಅನ್ನೋದಾ?

ಬಳಗದವರಿಗೆ ನಮಸ್ಕಾರ, ಚಿಕ್ಕಮಗಳೂರಿನಿಂದ.

ಹೋದ ವಾರ ಮಗ ನನ್ನ ಉಣ್ಣೆ ಸ್ವೆಟರನ್ನು ಜೀನ್ಸ್ ಪ್ಯಾಂಟುಗಳ ಜೊತೆ ವಾಷಿಂಗ್ ಮಷೀನಿಗೆ ಹಾಕಿ, 60 ಡಿಗ್ರಿಗೆ ತಿರುಗಿಸಿಬಿಟ್ಟ. 62 ಸೆಂ.ಮೀ. ಉದ್ದವಿದ್ದದ್ದು 47ಕ್ಕೆ ಬಂತು. ಈಗ ಪಕ್ಕದ ಮನೆಯ ಹುಡುಗನಿಗೂ ಬಿಗಿ. ‘ಕುಗ್ಗಿತು’ ಅಂದರೆ ಸಾಲದು ಅನಿಸುತ್ತಿದೆ. ಬಟ್ಟೆ ದಪ್ಪವಾಗಿದೆ, ಹೆಣಿಗೆಯ ಕಣ್ಣುಗಳೇ ಕಾಣುತ್ತಿಲ್ಲ. ಇದಕ್ಕೆ ಕನ್ನಡದಲ್ಲಿ ಬೇರೆ ಪದ ಇದೆಯೇ?

ಸಕಲೇಶಪುರದವರೊಬ್ಬರ ಉತ್ತರ:

‘ಮುರುಟಿತು’ ಅನ್ನಿ ಸಾರ್. ಬಿಸಿ ತಾಗಿದರೆ ಪ್ಲಾಸ್ಟಿಕ್ ಮುರುಟುತ್ತದಲ್ವಾ, ಉಣ್ಣೆಯ ಎಳೆಯೂ ಹಾಗೇ ಗಿಡ್ಡವಾಗುತ್ತದೆ. ತಣ್ಣೀರಲ್ಲಿ ಒಗೆದಿದ್ದರೆ ಏನೂ ಆಗುತ್ತಿರಲಿಲ್ಲ.

ಕಡೂರಿನಿಂದ, ಕಂಬಳಿ ನೇಯುವ ಮನೆಯಲ್ಲಿ ಬೆಳೆದವರು:

ಬಿಸಿಯ ಪಾಲು ಇದೆ, ಆದರೆ ಎಳೆ ಗಿಡ್ಡವಾಗುವುದಿಲ್ಲ. ಒಂದು ಕೆಲಸ ಮಾಡಿ. ನಿಮ್ಮ ತಲೆಯ ಉದ್ದ ಕೂದಲೊಂದನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು, ಕೂದಲಿನ ಉದ್ದಕ್ಕೇ ಬೆರಳನ್ನು ಹಿಂದೆ ಮುಂದೆ ಹೊಸೆಯಿರಿ. ಕೂದಲು ಒಂದೇ ಕಡೆಗೆ ಜರುಗುತ್ತದೆ, ಬುಡದ ದಿಕ್ಕಿಗೆ. ಅದರ ಮೇಲೆ ತುದಿಯ ಕಡೆಗೆ ಬಾಗಿದ ಸಣ್ಣ ಹುರುಪೆಗಳಿವೆ. ಬುಡದ ಕಡೆ ಸಲೀಸಾಗಿ ಜಾರುತ್ತದೆ, ತುದಿಯ ಕಡೆ ತಡೆಯುತ್ತದೆ. ಉಣ್ಣೆಯದೂ ಇದೇ ಕಥೆ.

ಬಿಸಿ ನೀರು, ಸೋಪು ಸೇರಿದರೆ ಎಳೆ ಉಬ್ಬಿ ಮೆತ್ತಗಾಗುತ್ತದೆ. ಮೇಲಿಂದ ಮಷೀನು ಕುಲುಕಿದಾಗ ಒಂದೊಂದು ಎಳೆಯೂ ತನ್ನ ಬುಡದ ಕಡೆಗೆ ತೆವಳುತ್ತದೆ. ಹಿಂದಕ್ಕೆ ಬರೋಕೆ ಆಗುವುದಿಲ್ಲ. ಪಕ್ಕದ ಎಳೆಗಳ ಒಳಗೆ ನುಗ್ಗುತ್ತಾ ಎಲ್ಲ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಕುಲುಕದೆ ಸುಮ್ನೆ ಬೆಚ್ಚಗಿನ ನೀರಲ್ಲಿ ಬಿಟ್ಟರೆ ಇಷ್ಟೆಲ್ಲ ಆಗುವುದಿಲ್ಲ. ತಣ್ಣೀರಿನಲ್ಲೇ ಕಲ್ಲಿನ ಮೇಲೆ ಕುಕ್ಕಿ ಉಜ್ಜಿದರೂ ನಿಧಾನವಾಗಿ ಆಗಿಯೇ ಆಗುತ್ತದೆ. ಕುರಿ ಮಳೆಯಲ್ಲಿ ನೆಂದರೂ ಹೀಗಾಗದೇ ಇರುವುದಕ್ಕೆ ಅದರ ಮೈಯ ಜಿಡ್ಡು ಒಂದು ಕಾರಣ, ಎಳೆಗಳೆಲ್ಲ ಒಂದೇ ದಿಕ್ಕಿಗೆ ಬುಡ ಇಟ್ಟಿರುವುದು ಇನ್ನೊಂದು.

ಹಾಗಾಗಿ ಎರಡು ಪದ ಬೇಕು. ಹೆಣೆಯುವಾಗ ಎಳೆದು ಹಿಡಿದ ನೂಲು ನೀರು ತಾಗಿ ಸಡಿಲಗೊಂಡು ತನ್ನ ಅಳತೆಗೆ ಮರಳಿದರೆ ಅದು ‘ಕುಗ್ಗುವುದು’. ಹೆಣಿಗೆ ಕಾಣುತ್ತಿರುತ್ತದೆ, ಒದ್ದೆ ಮಾಡಿ ಎಳೆದು ಒಣಗಿಸಿದರೆ ಬಹುಪಾಲು ಸರಿಹೋಗುತ್ತದೆ. ನಿಮ್ಮದು ‘ಜಡೆಗಟ್ಟಿದ್ದು’. ವಾಪಸ್ ಬರುವುದಿಲ್ಲ. ಅನುಮಾನವಿದ್ದರೆ ತೋಳಿನ ತುದಿ ಕತ್ತರಿಸಿ ನೋಡಿ. ನೂಲು ಬಿಚ್ಚಿ ಬರಲಿಲ್ಲ ಅಂದರೆ ಜಡೆಗಟ್ಟಿದೆ ಅಂತಲೇ ಲೆಕ್ಕ.

ಮೂಡಿಗೆರೆಯಿಂದ ಒಬ್ಬ ಅಕ್ಕ:

ನನ್ನದು ಉಲ್ಟಾ ಕಥೆ. ಮಳೆಗಾಲದಲ್ಲಿ ಒಗೆದು ಹಗ್ಗದ ಮೇಲೆ ನೇತು ಹಾಕಿದ್ದೆ. ತೋಳು ಮೊಣಕಾಲವರೆಗೆ ಇಳಿದಿತ್ತು! ಉಣ್ಣೆ ಕುಗ್ಗುತ್ತೆ ಅನ್ನೋದೇ ಸುಳ್ಳು ಅಂದುಕೊಂಡಿದ್ದೆ.

ಕಡೂರಿನವರು ಮತ್ತೆ:

ಸುಳ್ಳಲ್ಲ ಅಕ್ಕ. ಒದ್ದೆ ಉಣ್ಣೆಗೆ ಬಲ ಕಮ್ಮಿ, ಅದರದೇ ನೀರಿನ ಭಾರಕ್ಕೆ ಜಗ್ಗುತ್ತದೆ. ನಾನು ಹೇಗೆ ಒಗೆಯುತ್ತೇನೆ ಹೇಳುತ್ತೇನೆ. ಮೊದಲು ಸ್ವೆಟರನ್ನು ಪೇಪರಿನ ಮೇಲೆ ಹರಡಿ ಸುತ್ತ ಗೆರೆ ಎಳೆದಿಟ್ಟುಕೊಳ್ಳುತ್ತೇನೆ. ಬಕೆಟ್ಟಿನ ನೀರು ಸುಮಾರು 30 ಡಿಗ್ರಿ, ಮಣಿಕಟ್ಟಿಗೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಬಟ್ಟೆ ಸೋಪಿನ ಬಿಲ್ಲೆ, ಸೋಡಾ ಬೇಡ, ಅವುಗಳ ಕ್ಷಾರ ಉಣ್ಣೆಗೆ ಆಗದು. ಚೂರು ಶಾಂಪೂ ಸಾಕು, ಇದೂ ಕೂದಲೇ ಅಲ್ವಾ. ಹತ್ತು ನಿಮಿಷ ನೆನೆಸಿ, ಅಂಗೈಯಿಂದ ಒತ್ತಿ ಬಿಡುವುದಷ್ಟೇ. ಉಜ್ಜುವುದಿಲ್ಲ, ಹಿಂಡುವುದಿಲ್ಲ. ಜಾಲಿಸುವ ನೀರೂ ಅಷ್ಟೇ ಬೆಚ್ಚಗಿರಬೇಕು. ಎತ್ತುವಾಗ ಎರಡೂ ಕೈ ಅಡಿಗೆ ಕೊಟ್ಟು ಎತ್ತಿ, ದಪ್ಪ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆದು, ಆ ಗೆರೆಯ ಅಳತೆಗೆ ಚಾಪೆಯ ಮೇಲೆ ಹರಡಿ. ಹಂಡೆ ಒಲೆಯ ಮೇಲೆ ಮಾತ್ರ ಇಡಬೇಡಿ, ಹೊಗೆ ವಾಸನೆ ಹೋಗುವುದೇ ಇಲ್ಲ.

ಸಕಲೇಶಪುರದವರು:

‘ಜಡೆಗಟ್ಟು’ ಅಂದರೆ ನನಗೆ ಸನ್ಯಾಸಿಯ ತಲೆಯೇ ಕಣ್ಣಿಗೆ ಬರುತ್ತದೆ. ಸ್ವೆಟರಿಗೆ ಒಗ್ಗುತ್ತದಾ? ಮಳೆಗೆ ಹೊದೆಯೋ ಕಂಬಳಿ ಕೊಪ್ಪೆ ದಪ್ಪಗಟ್ಟಿ ನೀರು ತಡೆಯುವುದನ್ನೂ ಇದೇ ಅನ್ನೋದಾ?

ಕಡೂರಿನವರು:

ಅದೂ ಸ್ವಲ್ಪ ಜಡೆಗಟ್ಟಿದ್ದೇ. ಆದರೆ ನಮ್ಮ ಕಡೆ ಕುರಿಯ ಎಳೆ ಒರಟು, ನಯವಾದ ಸ್ವೆಟರ್ ಉಣ್ಣೆಯಷ್ಟು ಬೇಗ ಸಿಕ್ಕುವುದಿಲ್ಲ. ನಮ್ಮಮ್ಮ ಇದಕ್ಕೆ ‘ಕೂಡಿಕೊಂಡಿದೆ’ ಅನ್ನುತ್ತಿದ್ದರು. ಅದನ್ನೂ ಪಟ್ಟಿಗೆ ಸೇರಿಸಿ.

ನಾನು:

ತೋಳಿನ ತುದಿ ಕತ್ತರಿಸಿದೆ. ಒಂದೆಳೆಯೂ ಬಿಚ್ಚಲಿಲ್ಲ, ದೋಸೆಯ ಅಂಚು ಕತ್ತರಿಸಿದ ಹಾಗೆ ಬಂತು. ಉಳಿದದ್ದನ್ನು ಹೆಂಡತಿ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ಮಾಡಿಕೊಂಡಿದ್ದಾಳೆ. ಪದ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ‘ಕೂಡಿಕೊಳ್ಳು’ ಅನ್ನೋದನ್ನು ಈ ಅರ್ಥದಲ್ಲಿ ಕಡೂರಿನ ಆಚೆ ಕೇಳಿದವರಿದ್ದರೆ ಬರೆಯಿರಿ.