ಬ್ರೆಡ್, ಜಾಮ್ ಮೇಲಿನ ಬೂಷ್ಟು ಕೆರೆದರೆ ಹೋಗುತ್ತದಾ?

ಪ್ರಶ್ನೆ: ಗೃಹಿಣಿ, ಕುವೆಂಪುನಗರ, ಮೈಸೂರು

ಭಾನುವಾರ ಬೇಕರಿಯಿಂದ ತಂದ ಬ್ರೆಡ್‌ನ ಒಂದು ಸ್ಲೈಸ್ ಮೂಲೆಯಲ್ಲಿ ಬುಧವಾರ ಹಸಿರು ಚುಕ್ಕೆ ಕಂಡಿತು. ನಾನೇ ಮಾಡಿದ ಸೀಬೆಹಣ್ಣಿನ ಜಾಮ್ ಮೇಲೂ ಬಿಳಿ ಬೂಷ್ಟು ಬಂದಿದೆ. ನಮ್ಮ ಅತ್ತೆ "ಕೆರೆದು ತೆಗೆದು ಬಳಸು, ಸುಮ್ನೆ ಬಿಸಾಡಬೇಡ" ಅಂತಾರೆ. ಕಣ್ಣಿಗೆ ಕಾಣದ ಎಳೆಗಳು ಒಳಗೆ ಉಳಿಯುತ್ತವೆ ಅಂತ ಕೇಳಿದ್ದೇನೆ. ಎರಡನ್ನೂ ಎಸೆಯಬೇಕಾ?

ಉತ್ತರ: ನಿವೃತ್ತ ಆಹಾರ ಸೂಕ್ಷ್ಮಜೀವಿ ತಜ್ಞ, ಒಂಟಿಕೊಪ್ಪಲು

ಬ್ರೆಡ್ ಪೂರ್ತಿ ಎಸೆಯಿರಿ ಮೇಡಂ. ಜಾಮ್ ವಿಷಯ ಹೇಳುವ ಮುಂಚೆ ಅದಕ್ಕೆ ಎಷ್ಟು ಸಕ್ಕರೆ ಹಾಕಿದ್ದಿರಿ ಅಂತ ನನಗೆ ಗೊತ್ತಾಗಬೇಕು. ಈಗ ಬ್ರೆಡ್ ವಿಷಯ ಮಾತ್ರ ಹೇಳುತ್ತೇನೆ.

ಒಲೆಯಿಂದ ಈಚೆಗೆ ಬಂದ ಬ್ರೆಡ್‌ನಲ್ಲಿ ಜೀವಂತ ಬೂಷ್ಟು ಇರುವುದಿಲ್ಲ. ಆ ಬಿಸಿಗೆ ಎಲ್ಲ ಸಾಯುತ್ತದೆ. ಅದು ಬಂದು ಕೂರುವುದು ಆಮೇಲೆ. ಬ್ರೆಡ್ ಆರುವಾಗ ಗಾಳಿಯಿಂದ, ಸ್ಲೈಸ್ ಮಾಡುವ ಬ್ಲೇಡಿನಿಂದ, ಕೈಯಿಂದ. ಕೂತ ಬೀಜಕಣ ಮೊದಲು ಬಣ್ಣವಿಲ್ಲದ ಎಳೆ ಬಿಡುತ್ತದೆ. ಆ ಎಳೆಯ ದಪ್ಪ ನಮ್ಮ ತಲೆಗೂದಲಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಬಿಳಿ ಬ್ರೆಡ್ ಒಳಗೆ ಅದನ್ನು ಬರಿಗಣ್ಣಿನಲ್ಲಿ ನೋಡಲು ಆಗುವುದೇ ಇಲ್ಲ. ಎಳೆ ಚೆನ್ನಾಗಿ ಹಬ್ಬಿ, ಹೊಟ್ಟೆ ತುಂಬಿದ ಮೇಲೆ ಹೊಸ ಬೀಜಕಣ ಮಾಡುತ್ತದೆ. ನೀವು ಕಂಡ ಹಸಿರು ಅದೇ. ಅಂದರೆ ಬುಧವಾರ ಹಸಿರು ಕಂಡಿದೆ ಅಂದರೆ ಸೋಮವಾರ, ಮಂಗಳವಾರವೇ ಎಳೆ ಓಡಾಡಿದೆ.

ಬ್ರೆಡ್ ಒಳಗೆ ಪೂರ್ತಿ ತೂತು. ಗಾಳಿ ಇದೆ, ತೇವ ಇದೆ, ಪಿಷ್ಟ ಇದೆ. ಎಳೆಗೆ ಅಡ್ಡ ಏನೂ ಇಲ್ಲ. ಹಾಗಾಗಿ ಎಲ್ಲಿವರೆಗೆ ಹೋಗಿದೆ ಅಂತ ಗೆರೆ ಹಾಕಿ ಕತ್ತರಿಸಲು ಆಗುವುದಿಲ್ಲ. ನೀವು ಕೆರೆದಾಗ ಹೋಗುವುದು ಬಣ್ಣ ಮಾತ್ರ. ಪಕ್ಕದ ಸ್ಲೈಸ್ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅದಕ್ಕೂ ದಾಟಿರುತ್ತದೆ. ಪ್ಯಾಕೆಟ್‌ನ ಇನ್ನೊಂದು ತುದಿಯ ಸ್ಲೈಸ್‌ಗಳಲ್ಲಿ ಬರೀ ಬೀಜಕಣ ಉದುರಿರಬಹುದು, ಇನ್ನೂ ಬೆಳೆದಿರಲಿಕ್ಕಿಲ್ಲ. ಅವು ತಿಂದರೆ ಬಹುಶಃ ಏನೂ ಆಗುವುದಿಲ್ಲ. ಆದರೆ ಯಾವ ಸ್ಲೈಸ್ ಹಾಗಿದೆ, ಯಾವುದು ಹೀಗಿದೆ ಅಂತ ಅಡುಗೆಮನೆಯಲ್ಲಿ ನಿಂತು ಹೇಳಲು ನನಗೂ ಆಗುವುದಿಲ್ಲ.

ಮೂಸಿ ನೋಡಬೇಡಿ. ಬೀಜಕಣ ನೇರ ಮೂಗಿಗೆ ಹೋಗುತ್ತದೆ, ಆಸ್ತಮಾ ಇರುವವರಿಗೆ ತೊಂದರೆ. ಕವರ್ ಬಾಯಿ ಕಟ್ಟಿ ಹಾಗೇ ಎಸೆಯಿರಿ. ಬ್ರೆಡ್ ಡಬ್ಬಿ ಇದ್ದರೆ ತೊಳೆದು, ಪೂರ್ತಿ ಒಣಗಿಸಿ.

ಹೋಟೆಲ್ ನಡೆಸುವವರು, ಮಂಡ್ಯ

ಸರ್, ಇಷ್ಟಕ್ಕೆಲ್ಲ ಎಸೀಬೇಕಾ? ತವಾ ಮೇಲೆ ತುಪ್ಪ ಹಾಕಿ ಕೆಂಪಗೆ ಬೇಯಿಸಿದರೆ ಬೂಷ್ಟು ಸತ್ತು ಹೋಗುತ್ತಲ್ವಾ? ಜಾಮನ್ನೂ ಇನ್ನೊಂದು ಸಲ ಕುದಿಸಿಬಿಟ್ಟರೆ ಆಯ್ತು. ಪೆನಿಸಿಲಿನ್ ಮಾಡಿದ್ದೂ ಬೂಷ್ಟಿಂದಲೇ ತಾನೇ.

ಉತ್ತರ: ಒಂಟಿಕೊಪ್ಪಲು

ಸಾಯುತ್ತದೆ ಅನ್ನುವುದು ನಿಜ. ಕುದಿಯುವ ಜಾಮ್‌ನಲ್ಲಿ ಎಳೆ ಬದುಕುವುದಿಲ್ಲ. ಆದರೆ ನಮಗೆ ಭಯ ಎಳೆಯದ್ದಲ್ಲ. ಎಳೆ ಬದುಕಿದ್ದಾಗ ಬಿಟ್ಟು ಹೋಗುವ ವಿಷದ್ದು. ಕೆಲವು ಜಾತಿಯ ಬೂಷ್ಟು ವಿಷ ಮಾಡುತ್ತವೆ, ಎಷ್ಟೋ ಜಾತಿ ಮಾಡುವುದಿಲ್ಲ. ಹಸಿರು, ಕಪ್ಪು, ಬಿಳಿ ಅಂತ ಬಣ್ಣ ನೋಡಿ ಅದನ್ನು ಗುರುತಿಸಲು ಬರುವುದಿಲ್ಲ.

ಅಫ್ಲಾಟಾಕ್ಸಿನ್ ಅನ್ನುವ ವಿಷ ತೆಗೆದುಕೊಳ್ಳಿ. ಅದು ಒಡೆದು ಹೋಗಲು 200 ಡಿಗ್ರಿಗಿಂತ ಎಷ್ಟೋ ಮೇಲೆ ಕಾಯಬೇಕು. ನಿಮ್ಮ ತವಾ ಮೇಲೆ ಬ್ರೆಡ್‌ನ ಹೊರಮೈ ಕೆಂಪಾದರೂ ಒಳಗೆ ತೇವ ಇರುವವರೆಗೆ 100 ಡಿಗ್ರಿ ದಾಟುವುದಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆ ಜೋಳವನ್ನೂ ಬೇಯಿಸಿಯೇ ತಿಂದಿದ್ದರು. ಒಂದು ಸ್ಲೈಸ್ ಬ್ರೆಡ್‌ನಿಂದ ಹಾಗಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅವರು ದಿನಾ, ವಾರಗಟ್ಟಲೆ, ಹೊಟ್ಟೆ ತುಂಬ ಅದನ್ನೇ ತಿಂದವರು. ಬೇಯಿಸಿದರೆ ವಿಷ ಹೋಗುವುದಿಲ್ಲ ಅನ್ನುವುದಕ್ಕಷ್ಟೇ ಈ ಮಾತು.

ಇನ್ನು ಪೆನಿಸಿಲಿನ್. ಆ ಔಷಧಿಯನ್ನು ಆರಿಸಿದ ತಳಿಯಿಂದ ಬೆಳೆಸಿ, ಶುದ್ಧ ಮಾಡಿ ತೆಗೆಯುತ್ತಾರೆ. ಬ್ರೆಡ್ ಮೇಲೆ ಬಂದದ್ದು ಯಾವುದು ಅಂತ ಯಾರಿಗೆ ಗೊತ್ತು? ಅದೇ ಗುಂಪಿನ ಇನ್ನೊಂದು ಜಾತಿ ಸೇಬನ್ನು ಕೊಳೆಸಿ ಪಾಟುಲಿನ್ ಅನ್ನುವ ವಿಷ ಮಾಡುತ್ತದೆ. ಜಾಮ್‌ನಂಥ ಹುಳಿ ಪದಾರ್ಥದಲ್ಲಿ ಅದು ಕುದಿಸಿದರೂ ಸುಲಭಕ್ಕೆ ಹೋಗುವುದಿಲ್ಲ.

ಗೃಹಿಣಿ, ಕುವೆಂಪುನಗರ

ಸರ್, ಒಂದು ಕೆಜಿ ಸೀಬೆಹಣ್ಣಿನ ತಿರುಳಿಗೆ 300 ಗ್ರಾಂ ಸಕ್ಕರೆ ಹಾಕಿದ್ದೆ. ಮಾವನಿಗೆ ಶುಗರ್ ಇದೆ ಅಂತ ಕಡಿಮೆ ಮಾಡಿದೆ. ನಿಂಬೆರಸ ಹಿಂಡಿದ್ದೆ. ಇಳಿಸಿದಾಗ ತೂಕ 900 ಗ್ರಾಂ ಇತ್ತು. ಬಿಸಿ ಇರುವಾಗಲೇ ಬಾಟಲಿಗೆ ತುಂಬಿದೆ, ಹೊರಗೇ ಇಟ್ಟಿದ್ದೆ. ಬೂಷ್ಟು ಒಂದು ಕಡೆ ಮಾತ್ರ ಇದೆ, ಎಂಟಾಣೆ ಅಗಲ.

ಉತ್ತರ: ಒಂಟಿಕೊಪ್ಪಲು

ಹಾಗಿದ್ದರೆ ಅದನ್ನೂ ಎಸೆಯಿರಿ. ತೂಕ ಹೇಳಿದ್ದು ಒಳ್ಳೆಯದಾಯಿತು, ಲೆಕ್ಕ ಹಾಕಿ ತೋರಿಸುತ್ತೇನೆ.

ಒಂದು ಕೆಜಿ ತಿರುಳಿನಲ್ಲಿ ಹಣ್ಣಿನದೇ ಸಕ್ಕರೆ, ಹುಳಿ ಎಲ್ಲ ಕರಗಿರುವುದು ಸುಮಾರು 100 ಗ್ರಾಂ. ನೀವು ಹಾಕಿದ್ದು 300. ಒಟ್ಟು 400 ಗ್ರಾಂ. ಅದು 900 ಗ್ರಾಂ ಜಾಮ್‌ನಲ್ಲಿದೆ, ಅಂದರೆ 44 ಪರ್ಸೆಂಟ್. ನಮ್ಮ ದೇಶದ ಆಹಾರ ನಿಯಮದಲ್ಲಿ ಜಾಮ್ ಅಂತ ಮಾರಲು ಕರಗಿದ ಅಂಶ ಕನಿಷ್ಠ 65 ಪರ್ಸೆಂಟ್ ಇರಬೇಕು. ಅಷ್ಟು ಸಕ್ಕರೆ ಇದ್ದರೆ ನೀರನ್ನು ಅದೇ ಹಿಡಿದುಕೊಳ್ಳುತ್ತದೆ, ಬೂಷ್ಟಿಗೆ ಕುಡಿಯಲು ಸಿಗುವುದಿಲ್ಲ. 44ರಲ್ಲಿ ನೀರು ಧಾರಾಳ. ನಿಂಬೆರಸದ ಹುಳಿ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಬೂಷ್ಟಿಗೆ ಹುಳಿ ಲೆಕ್ಕಕ್ಕೇ ಇಲ್ಲ.

ನಿಮ್ಮದೇ ಅಳತೆಯಲ್ಲಿ 65 ಬರಬೇಕಾದರೆ ಜಾಮನ್ನು 615 ಗ್ರಾಂಗೆ ಇಳಿಸಬೇಕಿತ್ತು. ಅಷ್ಟು ಕಾಯಿಸಿದರೆ ಅದು ಜಾಮ್ ಆಗಿ ಉಳಿಯದೆ ಹಲ್ವ ಆಗುತ್ತದೆ. ತಿರುಳಿಗೆ 750 ಗ್ರಾಂ ಸಕ್ಕರೆ ಹಾಕಿದ್ದರೆ 850 ಗ್ರಾಂ ಕರಗಿದ ಅಂಶ, 1300 ಗ್ರಾಂಗೆ ಇಳಿಸಿದರೆ 65 ಬಂತು. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಂಡರೆ ಇದನ್ನು ಮನೆ ತಕ್ಕಡಿಯಲ್ಲೇ ನೋಡಬಹುದು. ಮಾವನವರಿಗೆ ಕಡಿಮೆ ಸಕ್ಕರೆಯದೇ ಬೇಕು ಅಂದರೆ ಸ್ವಲ್ಪ ಸ್ವಲ್ಪ ಮಾಡಿ ಫ್ರಿಜ್‌ನಲ್ಲಿಡಿ. ಒಂದೆರಡು ವಾರದಲ್ಲಿ ಖಾಲಿ ಮಾಡಿ. ಅದನ್ನು ಚಟ್ನಿಯ ಹಾಗೆ ನೋಡಿಕೊಳ್ಳಿ.

ಈಗ ಎಳೆ ವಿಷಯ. ಜಾಮ್ ಬ್ರೆಡ್ ಥರ ಅಲ್ಲ. ಅದರೊಳಗೆ ಗಾಳಿ ಇಲ್ಲ, ಬೂಷ್ಟಿಗೆ ಗಾಳಿ ಬೇಕು. ಹಾಗಾಗಿ ಎಳೆ ಹೆಚ್ಚಾಗಿ ಮೇಲ್ಪದರದಲ್ಲೇ ಇರುತ್ತದೆ. ಕೆರೆದರೆ ಬಹುಪಾಲು ಎಳೆ ಹೋಗಲೂಬಹುದು. ಆದರೆ ವಿಷ ಇದ್ದರೆ ಅದು ನೀರಿನ ಅಂಶದಲ್ಲಿ ಕರಗಿ ಕೆಳಗೆ ಇಳಿಯುತ್ತದೆ, ಎಳೆ ಹೋಗದ ಕಡೆಗೂ. ತೆಳು ಜಾಮ್‌ನಲ್ಲಿ ಇದು ಜಾಸ್ತಿ. ಎಳೆ ಹುಡುಕಿಕೊಂಡು ಕೂತರೆ ಈ ವಿಷಯ ತಪ್ಪಿಹೋಗುತ್ತದೆ.

ಒಂದೇ ಕಡೆ ಬಂದಿದೆ ಅಂದಿರಲ್ಲ, ಆ ಜಾಗದ ಮೇಲಿನ ಮುಚ್ಚಳ ನೋಡಿ. ಅಲ್ಲಿ ನೀರಿನ ಹನಿ ಕಟ್ಟಿತ್ತಾ? ಬಿಸಿ ತುಂಬಿ, ಅರ್ಧ ಬಾಟಲಿ ಖಾಲಿ ಬಿಟ್ಟು ಮುಚ್ಚಿದರೆ ಹಬೆ ಹನಿಯಾಗಿ ಕೆಳಗೆ ಬೀಳುತ್ತದೆ. ಬಿದ್ದ ಜಾಗದಲ್ಲಿ ಮಾತ್ರ ಸಕ್ಕರೆ ತೆಳ್ಳಗಾಗುತ್ತದೆ. ಬೂಷ್ಟು ಶುರುವಾಗುವುದು ಅಲ್ಲೇ.

ಜಾಮ್ ತಯಾರಿಕೆಯಲ್ಲಿ ಕೆಲಸ ಮಾಡಿದವರು, ಹೆಬ್ಬಾಳ, ಮೈಸೂರು

ಸರ್, ಮನೆ ಜಾಮ್ ವಿಷಯದಲ್ಲಿ ಒಪ್ಪುತ್ತೇನೆ. ಆದರೆ 68ಕ್ಕೆ ಇಳಿಸಿದ ಗಟ್ಟಿ ಜಾಮ್ ಮೇಲೆ ಸಾಸಿವೆ ಕಾಳಿನಷ್ಟು ಚುಕ್ಕೆ ಬಂದರೆ? ಆಳವಾಗಿ ತೋಡಿ ತೆಗೆದರೆ ಪರವಾಗಿಲ್ಲ ಅಂತ ಯುರೋಪಿನಲ್ಲಿ ಹೇಳುವವರಿದ್ದಾರೆ. ಪೂರ್ತಿ ಬಾಟಲಿ ಎಸೆಯುವುದು ನನಗೆ ಅತಿ ಅನ್ನಿಸುತ್ತದೆ.

ಉತ್ತರ: ಒಂಟಿಕೊಪ್ಪಲು

ಹೇಳುವವರಿದ್ದಾರೆ, ಒಪ್ಪುತ್ತೇನೆ. ಜರ್ಮನಿಯಲ್ಲಿ ಸಕ್ಕರೆ ಜಾಸ್ತಿ ಇರುವ ಜಾಮ್‌ಗೆ ಆ ರಿಯಾಯಿತಿ ಕೊಡುತ್ತಾರೆ. ಅಮೆರಿಕದ ಕೃಷಿ ಇಲಾಖೆ ಯಾವ ಜಾಮ್ ಆದರೂ ಎಸೆಯಿರಿ ಅನ್ನುತ್ತದೆ. ಗಟ್ಟಿ ಜಾಮ್‌ನಲ್ಲಿ ವಿಷ ನಿಧಾನ ಇಳಿಯುತ್ತದೆ ಅನ್ನುವ ನಿಮ್ಮ ತರ್ಕದಲ್ಲಿ ತಪ್ಪಿಲ್ಲ. ಆದರೆ ಅಷ್ಟು ಸಕ್ಕರೆಯಲ್ಲೂ ಬೂಷ್ಟು ಬಂದಿದೆ ಅಂದರೆ ಎಲ್ಲೋ ನೀರು ಸೇರಿದೆ, ಅಥವಾ ಒಣಗಿದ ಜಾಗದಲ್ಲಿ ಬೆಳೆಯುವ ಗಟ್ಟಿ ಜಾತಿ ಅದು. ಮಕ್ಕಳು, ಬಸುರಿಯರು, ಕಿಮೋ ತೆಗೆದುಕೊಳ್ಳುವವರು ಇರುವ ಮನೆಗೆ ನಾನು ಎಸೆಯಿರಿ ಅಂತಲೇ ಹೇಳುವುದು.

ಅಜ್ಜಿ, ಶ್ರೀರಂಗಪಟ್ಟಣ

ನಮ್ಮ ಮಾವಿನಕಾಯಿ ಉಪ್ಪಿನಕಾಯಿ ಮೇಲೆ ಪ್ರತಿ ವರ್ಷ ಬಿಳಿ ಪೊರೆ ಬರುತ್ತೆ. ತೆಗೆದು ಹಾಕಿ ತಿಂತೀವಿ. ಅದನ್ನೂ ಎಸೀಬೇಕು ಅಂತೀರಾ?

ಉತ್ತರ: ಒಂಟಿಕೊಪ್ಪಲು

ಅಜ್ಜಿ, ಅದು ನುಣ್ಣಗೆ, ತೆಳ್ಳಗೆ, ಕೆನೆ ಥರ ಇದ್ದರೆ ಸಾಮಾನ್ಯವಾಗಿ ಯೀಸ್ಟ್, ಬೂಷ್ಟಲ್ಲ. ಅದರಿಂದ ಅಪಾಯ ಕಡಿಮೆ. ಆದರೆ ರುಚಿ ಕೆಡುತ್ತದೆ, ಹುಳಿಯೂ ತಗ್ಗುತ್ತದೆ. ಹೋಳಿನ ಮೇಲೆ ಎಣ್ಣೆ ನಿಲ್ಲುವ ಹಾಗೆ ಇಡಿ. ನಯವಾಗಿಲ್ಲದೆ ಹತ್ತಿಯ ಹಾಗೆ ಎದ್ದು ನಿಂತು, ಹಸಿರು ಅಥವಾ ಕಪ್ಪು ಬಂದರೆ ಅದು ಬೂಷ್ಟೇ. ಆಗ ಜಾಡಿ ಖಾಲಿ ಮಾಡಬೇಕು. ಫೋಟೋ ಇಲ್ಲದೆ ನಿಮ್ಮದು ಯಾವುದು ಅಂತ ಹೇಳಲಾರೆ.

ಗೃಹಿಣಿ, ಕುವೆಂಪುನಗರ

ಸರ್, ನಿನ್ನೆ ಮಗ ಆ ಪ್ಯಾಕೆಟ್‌ನಲ್ಲೇ ಎರಡು ಸ್ಲೈಸ್ ತಿಂದಿದ್ದಾನೆ. ಏನಾದರೂ ಮಾಡಬೇಕಾ?

ಉತ್ತರ: ಒಂಟಿಕೊಪ್ಪಲು

ವಾಂತಿ ಮಾಡಿಸಲು ಹೋಗಬೇಡಿ. ಆರೋಗ್ಯವಾಗಿರುವ ಮಕ್ಕಳಿಗೆ ಒಂದೆರಡು ತುತ್ತಿನಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ವಾಂತಿ, ಭೇದಿ ನಿಲ್ಲದಿದ್ದರೆ, ಮೈ ಮೇಲೆ ದದ್ದು ಎದ್ದರೆ, ಉಸಿರಾಟಕ್ಕೆ ಕಷ್ಟ ಆದರೆ ಕಾಯದೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಹಸು ಸಾಕಿರುವವರು, ಮದ್ದೂರು

ಬೇಕರಿಯವರು ಬೂಷ್ಟು ಬಂದ ಬ್ರೆಡ್ ಮೂಟೆಗಟ್ಟಲೆ ಸುಮ್ನೆ ಕೊಡ್ತಾರೆ ಸರ್. ಹಸುವಿಗೆ ಹಾಕ್ತಿದ್ದೀನಿ. ಅವಕ್ಕೇನೂ ಆಗಿಲ್ಲ.

ಉತ್ತರ: ಒಂಟಿಕೊಪ್ಪಲು

ಇವತ್ತಿಂದಲೇ ನಿಲ್ಲಿಸಿ. ಮೇವಿನಲ್ಲಿ ಅಫ್ಲಾಟಾಕ್ಸಿನ್ ಇದ್ದರೆ ಅದರ ಒಂದು ಭಾಗ ರೂಪ ಬದಲಿಸಿ ಹಾಲಿಗೆ ಬರುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಅದಕ್ಕೆ ನಮ್ಮ ದೇಶದ ಮಿತಿ ಕೆಜಿಗೆ ಅರ್ಧ ಮೈಕ್ರೋಗ್ರಾಂ. ಹಸು ಚೆನ್ನಾಗಿ ಓಡಾಡಿಕೊಂಡಿರುವಾಗಲೇ ಹಾಲು ಆ ಮಿತಿ ದಾಟಿರಬಹುದು. ಬೂಷ್ಟು ಬರದ ಹಳೇ ಬ್ರೆಡ್ ಇದ್ದರೆ ಒಣಗಿಸಿ ಸ್ವಲ್ಪ ಹಾಕಿ, ಎಷ್ಟು ಅಂತ ನಿಮ್ಮೂರಿನ ಪಶುವೈದ್ಯರನ್ನು ಕೇಳಿ. ಬೂಷ್ಟು ಬಂದದ್ದು ತಿಪ್ಪೆಗೆ, ಮೇಲೆ ಸಗಣಿ ಅಥವಾ ಮಣ್ಣು ಮುಚ್ಚಿ, ಹಸು ಬಾಯಿ ಹಾಕದ ಹಾಗೆ.