ರೌಂಡ್ ರಾಬಿನ್: ಸರಾಸರಿ ಕಾಯುವ ಸಮಯ 4.00 ಬರುತ್ತಿದೆ, ಉತ್ತರದಲ್ಲಿ 3.33 ಇದೆ

ಪ್ರಶ್ನೆ (ವಿದ್ಯಾರ್ಥಿನಿ): ಸಿಪಿಯು ಶೆಡ್ಯೂಲಿಂಗ್ ಲೆಕ್ಕ ಇದು. ಕ್ವಾಂಟಮ್, ಅಂದರೆ ಒಂದು ಸರದಿಗೆ ಸಿಗುವ ಸಮಯ, 2. ಪ್ರೋಸೆಸ್ P1 ಬರುವುದು 0ಕ್ಕೆ, ಬರ್ಸ್ಟ್, ಅಂದರೆ ಅದಕ್ಕೆ ಬೇಕಾದ ಸಿಪಿಯು ಸಮಯ, 5. P2 1ಕ್ಕೆ, ಬರ್ಸ್ಟ್ 3. P3 2ಕ್ಕೆ, ಬರ್ಸ್ಟ್ 1. ನನ್ನ ಪೈಥಾನ್ ಕೋಡ್‌ನಲ್ಲಿ ಟರ್ನ್‌ಅರೌಂಡ್ ಸರಾಸರಿ 7.00, ವೇಟಿಂಗ್ 4.00. ಉತ್ತರದಲ್ಲಿ 6.33 ಮತ್ತು 3.33. ಎಲ್ಲಿ ತಪ್ಪಿದೆ ಸರ್?

ಸಹಪಾಠಿ: ಕ್ಯೂ ಬಿಟ್ಟುಬಿಡು. ಅರೇ ಮೇಲೆ ಸುಮ್ನೆ for ಲೂಪ್ ತಿರುಗಿಸು, 3.33 ಬರುತ್ತದೆ. ನಾನು ಮಾಡಿ ನೋಡಿದೆ.

ಸಿಸ್ಟಮ್ಸ್ ಇಂಜಿನಿಯರ್: ಈ ಲೆಕ್ಕಕ್ಕೆ ಬರುತ್ತದೆ, ನಿಜ. ಆದರೆ P3 2ರ ಬದಲು 3ಕ್ಕೆ ಬಂದರೆ? 2ಕ್ಕೇ ಮತ್ತೆ ಸಾಲಿಗೆ ನಿಂತ P1ನ್ನು ಹಿಂದೆ ಹಾಕಿ ನಿಮ್ಮ ಲೂಪ್ P3ಗೆ ಮೊದಲು ಸಿಪಿಯು ಕೊಡುತ್ತದೆ. ಕ್ಯೂ ಬೇಕೇ ಬೇಕು.

ತಂಗಿ, ನಿಮ್ಮ ಗೊಂದಲ ಇರುವುದು ಸಮಯ 2ರಲ್ಲಿ. P1ನ ಕ್ವಾಂಟಮ್ ಮುಗಿಯುವುದೂ P3 ಬರುವುದೂ ಒಂದೇ ಕ್ಷಣದಲ್ಲಿ. ನೀವು P1ನ್ನು ಮೊದಲು ಸೇರಿಸಿದ್ದೀರಿ, ಹಾಗಾಗಿ ಸಾಲು P2, P1, P3 ಆಯಿತು. P3 ಮುಗಿಯುವುದು 7ಕ್ಕೆ. ಹೊಸಬರನ್ನು ಮೊದಲು ಸೇರಿಸಿದರೆ ಸಾಲು P2, P3, P1, ಆಗ ಓಟ ಹೀಗಿರುತ್ತದೆ:

```
P1 0-2 | P2 2-4 | P3 4-5 | P1 5-7 | P2 7-8 | P1 8-9
```

ಮುಗಿದ ಸಮಯದಿಂದ ಬಂದ ಸಮಯ ಕಳೆದರೆ ಟರ್ನ್‌ಅರೌಂಡ್ 9, 7, 3. ಅದರಿಂದ ಬರ್ಸ್ಟ್ ಕಳೆದರೆ ಕಾಯುವ ಸಮಯ 4, 4, 2. ಮೊತ್ತ 10, ಸರಾಸರಿ 3.33. ಎರಡು ಕ್ರಮದಲ್ಲೂ P1 ಮುಗಿಯುವುದು 9ಕ್ಕೆ, P2 8ಕ್ಕೆ. ಕೊನೆಯ ಸಮಯ ಮಾತ್ರ ನೋಡಿದರೆ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ.

ಕೋಡ್‌ನಲ್ಲಿ ಈ ಕ್ರಮ ಇಟ್ಟುಕೊಳ್ಳಿ:

```python
t += run
while i < n and p[i].at <= t:
    q.append(p[i]); i += 1
if cur.rem > 0:
    q.append(cur)
```

`p` ಬರುವ ಸಮಯದ ಪ್ರಕಾರ ಸಾರ್ಟ್ ಆಗಿರಬೇಕು. `<=` ಬದಲು `<` ಹಾಕಿದರೆ ಮತ್ತೆ 4.00ಕ್ಕೇ ಬಂದು ನಿಲ್ಲುತ್ತೀರಿ.

ಇನ್ನೊಬ್ಬರು: ನನ್ನದು ಬೇರೆ ಗೋಳು. P1 2ಕ್ಕೆ ಮುಗಿಯುತ್ತದೆ, P2 ಬರುವುದು 4ಕ್ಕೆ. P2ನ ಟರ್ನ್‌ಅರೌಂಡ್ -4 ತೋರಿಸುತ್ತಿದೆ!

ಸಿಸ್ಟಮ್ಸ್ ಇಂಜಿನಿಯರ್: ಕ್ಯೂ ಖಾಲಿಯಾದ ಕೂಡಲೇ ನಿಮ್ಮ ಲೂಪ್ ನಿಂತಿದೆ, P2 ಓಡಿಯೇ ಇಲ್ಲ. ಮುಗಿದ ಸಮಯ ಆರಂಭದ 0 ಆಗಿಯೇ ಉಳಿದಿದೆ, ಅದರಿಂದ 4 ಕಳೆದಿದ್ದೀರಿ. ಕ್ಯೂ ಖಾಲಿ ಇದ್ದು ಇನ್ನೂ ಬರುವವರಿದ್ದರೆ `t = p[i].at` ಮಾಡಿ, ಆಮೇಲೆ ಅವರನ್ನು ಸಾಲಿಗೆ ಸೇರಿಸಿ. ಆ ನಡುವೆ ಸಿಪಿಯು ಸುಮ್ಮನಿರುತ್ತದೆ, ಅದು ಯಾರ ಕಾಯುವ ಲೆಕ್ಕಕ್ಕೂ ಸೇರುವುದಿಲ್ಲ.

ವಿದ್ಯಾರ್ಥಿನಿ: ಕ್ರಮ ಬದಲಿಸಿದೆ ಸರ್, 3.33 ಬಂತು. ಆದರೆ ಹೊಸಬರೇ ಮೊದಲು ಅಂತ ಪ್ರಶ್ನೆಯಲ್ಲಿ ಎಲ್ಲೂ ಇಲ್ಲ. ಹಾಗಾದರೆ 4.00 ತಪ್ಪು ಹೇಗೆ?

ಸಿಸ್ಟಮ್ಸ್ ಇಂಜಿನಿಯರ್: ನನ್ನ ಪ್ರಕಾರ ತಪ್ಪಲ್ಲ. ರೌಂಡ್ ರಾಬಿನ್ ಎಂದಷ್ಟೇ ಹೇಳಿದರೆ ಈ ಪೈಪೋಟಿ ಇತ್ಯರ್ಥವಾಗುವುದಿಲ್ಲ. ಹೊಸಬರು ಮೊದಲು ಅನ್ನುವುದು ಜಾಸ್ತಿ ರೂಢಿಯಲ್ಲಿದೆ, ಅಷ್ಟೇ. ಯಾವ ಕ್ರಮ ಹಿಡಿದಿರಿ ಅಂತ ಗ್ಯಾಂಟ್ ಚಾರ್ಟ್ ಮೇಲೆ ಒಂದು ಸಾಲು ಬರೆಯಿರಿ.

ಸಹಪಾಠಿ: ನಮ್ಮ ಲ್ಯಾಬ್‌ನಲ್ಲಿ ಹಳಬರೇ ಮೊದಲು ಅಂತ ಬರೆಸಿದ್ದಾರೆ ಸರ್. ಈಗ ಯಾರ ಮಾತು ಕೇಳುವುದು?